ಕಫ ಕಟ್ಟಿರುವುದು ನಾಳದಲ್ಲೋ, ಗಾಳಿಗೂಡಿನಲ್ಲೋ?

ಜ್ವರ ಮತ್ತು ಕೆಮ್ಮಿನೊಂದಿಗೆ ವೈದ್ಯರ ಬಳಿಗೆ ಬರುವವರಲ್ಲಿ ಹೆಚ್ಚಿನವರು ತಮ್ಮ ಕಾಯಿಲೆಯನ್ನು "ಎದೆಯಲ್ಲಿ ಕಫ ಕಟ್ಟಿದೆ" ಎಂಬ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ಮಾತು ತಪ್ಪಲ್ಲ. ಆದರೆ ಕಫ ಎದೆಯ ಯಾವ ಭಾಗದಲ್ಲಿ ಕಟ್ಟಿದೆ ಎಂಬುದನ್ನು ಅದು ಹೇಳುವುದಿಲ್ಲ. ನಾಳಗಳ ಒಳಗೋಡೆಯಲ್ಲಿ ಕಟ್ಟಿದ್ದರೆ ಅದು ಬ್ರಾಂಕೈಟಿಸ್, ನಾಳಗಳ ತುದಿಯಲ್ಲಿರುವ ಗಾಳಿಗೂಡುಗಳಲ್ಲಿ ತುಂಬಿದ್ದರೆ ಅದು ನ್ಯುಮೋನಿಯಾ. ಮೊದಲನೆಯದು ಬಹುಪಾಲು ತಾನಾಗಿಯೇ ಇಳಿಯುವ ಕಾಯಿಲೆ. ಎರಡನೆಯದು ಚಿಕಿತ್ಸೆ ತಡವಾದರೆ ಜೀವಕ್ಕೆ ಎರವಾಗಬಲ್ಲದು. ಎರಡಕ್ಕೂ ಇರುವ ಎಲ್ಲ ವ್ಯತ್ಯಾಸಗಳು, ಸ್ಟೆತೊಸ್ಕೋಪಿನಲ್ಲಿ ಕೇಳುವ ಸದ್ದಿನವರೆಗೆ, ಈ ಜಾಗದ ವ್ಯತ್ಯಾಸದಿಂದಲೇ ಹುಟ್ಟುತ್ತವೆ.

ಗಂಟಲಿನಿಂದ ಇಳಿಯುವ ಶ್ವಾಸನಾಳವು ಎದೆಯೊಳಗೆ ಎರಡಾಗಿ ಸೀಳಿ, ಆಮೇಲೆ ಮರದ ಕೊಂಬೆಗಳಂತೆ ಸುಮಾರು 23 ಬಾರಿ ಕವಲೊಡೆಯುತ್ತದೆ. ಕೊನೆಯ ಕವಲುಗಳ ತುದಿಯಲ್ಲಿ ಬರಿಗಣ್ಣಿಗೆ ಕಾಣದಷ್ಟು ತೆಳುವಾದ ಗೋಡೆಯ ಗಾಳಿಗೂಡುಗಳಿವೆ. ಎರಡೂ ಶ್ವಾಸಕೋಶಗಳಲ್ಲಿ ಸೇರಿ ಅವುಗಳ ಸಂಖ್ಯೆ 30 ಕೋಟಿಗೂ ಹೆಚ್ಚು. ರಕ್ತಕ್ಕೆ ಆಮ್ಲಜನಕ ಸೇರುವುದು ಇಲ್ಲಿಯೇ. ಅಂದರೆ ಕೊಂಬೆಗಳು ಗಾಳಿ ಸಾಗಿಸುವ ದಾರಿಗಳು ಮಾತ್ರ, ಕೆಲಸ ನಡೆಯುವುದು ಎಲೆಗಳಲ್ಲಿ.

ಬ್ರಾಂಕೈಟಿಸ್‌ನಲ್ಲಿ ಉರಿಯೂತ ಈ ದಾರಿಗಳಲ್ಲಷ್ಟೇ ಇರುತ್ತದೆ. ಒಳಪೊರೆ ಊದಿಕೊಳ್ಳುತ್ತದೆ, ಲೋಳೆ ಹೆಚ್ಚುತ್ತದೆ, ಕೆಮ್ಮು ಜೋರಾಗಿ ಬರುತ್ತದೆ, ಎದೆಯ ನಡುವಿನ ಮೂಳೆಯ ಹಿಂದೆ ಕೆರೆದಂತಹ ನೋವಾಗುತ್ತದೆ. ಆದರೆ ಗಾಳಿಗೂಡುಗಳು ತೆರೆದೇ ಇರುವುದರಿಂದ ರಕ್ತದ ಆಮ್ಲಜನಕ ಕುಸಿಯುವುದಿಲ್ಲ, ಉಸಿರಿನ ವೇಗವೂ ಸಾಮಾನ್ಯವಾಗಿ ಏರುವುದಿಲ್ಲ. ಇದಕ್ಕೆ ಕಾರಣ ಬಹುಮಟ್ಟಿಗೆ ವೈರಸ್‌ಗಳು. ಆದ್ದರಿಂದ ಆ್ಯಂಟಿಬಯೋಟಿಕ್ ಮಾತ್ರೆಗಳಿಂದ ಹೆಚ್ಚಿನ ಪ್ರಯೋಜನವಿಲ್ಲ. ಕೆಮ್ಮು ಎರಡು ಮೂರು ವಾರ ಎಳೆಯುವುದು ಈ ಕಾಯಿಲೆಯ ಸಹಜ ನಡೆ. ಐದನೆಯ ದಿನಕ್ಕೂ ಕೆಮ್ಮು ನಿಂತಿಲ್ಲವೆಂದು ಮಾತ್ರೆ ಬದಲಿಸಿ ಬದಲಿಸಿ ನುಂಗುವವರು ಈ ಒಂದು ಸಂಗತಿಯನ್ನು ತಿಳಿದಿದ್ದರೆ ಎಷ್ಟೋ ಮಾತ್ರೆಗಳು ಉಳಿಯುತ್ತಿದ್ದವು. ಕಫದ ಬಣ್ಣವನ್ನು ನೋಡಿ ರೋಗ ನಿರ್ಧರಿಸುವ ರೂಢಿಯೂ ಅಷ್ಟೇ ದುರ್ಬಲವಾದುದು. ಕಫ ಹಸಿರಾಗುವುದು ಬ್ಯಾಕ್ಟೀರಿಯಾದಿಂದಲ್ಲ; ಹೋರಾಡಲು ಬಂದ ನಮ್ಮದೇ ಬಿಳಿ ರಕ್ತಕಣಗಳಲ್ಲಿರುವ ಹಸಿರು ಬಣ್ಣದ ಒಂದು ಕಿಣ್ವದಿಂದ. ಆ ಕಣಗಳು ವೈರಸ್ ಸೋಂಕಿನಲ್ಲಿಯೂ ಬರುತ್ತವೆ.

ನ್ಯುಮೋನಿಯಾದಲ್ಲಿ ರೋಗಾಣುಗಳು ಗಾಳಿಗೂಡುಗಳವರೆಗೆ ಇಳಿದಿರುತ್ತವೆ. ವಯಸ್ಕರಲ್ಲಿ ಇದಕ್ಕೆ ಕಾರಣವಾಗುವ ಬ್ಯಾಕ್ಟೀರಿಯಾಗಳಲ್ಲಿ ನ್ಯುಮೊಕಾಕಸ್ ಪ್ರಮುಖವಾದುದು. ಇನ್‌ಫ್ಲುಯೆಂಜಾ ಮತ್ತು ಕೋವಿಡ್‌ನಂತಹ ವೈರಸ್‌ಗಳೂ ಇದನ್ನು ಉಂಟುಮಾಡುತ್ತವೆ. ಗೂಡುಗಳೊಳಗೆ ನೀರು, ಬಿಳಿ ರಕ್ತಕಣಗಳು ಮತ್ತು ಕೀವು ತುಂಬಿಕೊಂಡಾಗ, ಸ್ಪಂಜಿನಂತೆ ಹಗುರವಾಗಿದ್ದ ಶ್ವಾಸಕೋಶದ ಒಂದು ಭಾಗ ಯಕೃತ್ತಿನಷ್ಟು ಗಟ್ಟಿಯಾಗುತ್ತದೆ. ಅಲ್ಲಿಗೆ ರಕ್ತ ಹರಿದರೂ ಆಮ್ಲಜನಕ ಸಿಗುವುದಿಲ್ಲ. ಕೊರತೆಯನ್ನು ತುಂಬಿಕೊಳ್ಳಲು ದೇಹ ಉಸಿರಾಟವನ್ನು ಚುರುಕುಗೊಳಿಸುತ್ತದೆ, ಹೃದಯದ ಬಡಿತವೂ ಏರುತ್ತದೆ. ಉರಿಯೂತ ಶ್ವಾಸಕೋಶದ ಹೊರಪೊರೆಗೆ ತಾಗಿದರೆ ಪ್ರತಿ ಉಸಿರಿಗೂ ಪಕ್ಕೆಯಲ್ಲಿ ಚುಚ್ಚಿದಂತಾಗುತ್ತದೆ. ಕೆಳಭಾಗದ ನ್ಯುಮೋನಿಯಾದಲ್ಲಿ ಈ ನೋವು ಹೊಟ್ಟೆಯ ಮೇಲ್ಭಾಗದಲ್ಲಿ ಕಾಣಿಸಿಕೊಂಡು, ಪಿತ್ತಕೋಶದ ಕಾಯಿಲೆಯೆಂದು ದಾರಿ ತಪ್ಪಿಸುವುದೂ ಉಂಟು.

ಇನ್ನು ವೈದ್ಯರು ಎದೆಯನ್ನು ಪರೀಕ್ಷಿಸುವಾಗ ಏನನ್ನು ಹುಡುಕುತ್ತಾರೆ ಎಂಬುದನ್ನು ನೋಡೋಣ. ಮೊದಲನೆಯದು ತಟ್ಟುವಿಕೆ. ಹಲಸಿನ ಹಣ್ಣನ್ನು ಬೆರಳಿನಿಂದ ತಟ್ಟಿ ಅದರ ಒಳಗನ್ನು ಅಂದಾಜು ಮಾಡುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವಿಯೆನ್ನಾದಲ್ಲಿ ವೈದ್ಯನಾಗಿದ್ದ ಲಿಯೋಪೋಲ್ಡ್ ಔವೆನ್‌ಬ್ರುಗ್ಗರ್ 1761ರಲ್ಲಿ ಈ ವಿಧಾನವನ್ನು ಪ್ರಕಟಿಸಿದ. ಅವನ ತಂದೆ ಗ್ರಾಜ್ ಪಟ್ಟಣದಲ್ಲಿ ವಸತಿಗೃಹ ನಡೆಸುತ್ತಿದ್ದು, ಮದ್ಯದ ಪೀಪಾಯಿ ಎಷ್ಟು ತುಂಬಿದೆಯೆಂದು ತಟ್ಟಿ ತಿಳಿಯುವುದನ್ನು ಮಗ ಅಲ್ಲಿಯೇ ಕಂಡಿದ್ದನೆಂಬ ಮಾತಿದೆ. ಗಾಳಿ ತುಂಬಿದ ಶ್ವಾಸಕೋಶದ ಮೇಲೆ ತಟ್ಟಿದರೆ ಡೊಳ್ಳಿನಂತಹ ಅನುರಣನ ಕೇಳುತ್ತದೆ. ಗಟ್ಟಿಯಾದ ಭಾಗದ ಮೇಲೆ ತಟ್ಟಿದರೆ ಸದ್ದು ಮಂದವಾಗುತ್ತದೆ, ತೊಡೆಯ ಮೇಲೆ ತಟ್ಟಿದಂತೆ. ಬಲಗಡೆ ಎದೆಯ ಕೆಳಗೆ ಯಕೃತ್ತು ಇರುವುದರಿಂದ ಅಲ್ಲಿ ಸಹಜವಾಗಿಯೇ ಮಂದ ಸದ್ದು ಬರುತ್ತದೆ. ಆದ್ದರಿಂದ ಅನುಭವವಿರುವ ವೈದ್ಯರು ಒಂದು ಬದಿಯನ್ನು ಪೂರ್ತಿ ತಟ್ಟಿ ಇನ್ನೊಂದಕ್ಕೆ ಹೋಗುವುದಿಲ್ಲ. ಎಡ ಮತ್ತು ಬಲಗಳನ್ನು ಒಂದೇ ಮಟ್ಟದಲ್ಲಿ ಹೋಲಿಸುತ್ತ ಬೆನ್ನಿನ ಮೇಲಿನಿಂದ ಕೆಳಗಿಳಿಯುತ್ತಾರೆ.

ಎರಡನೆಯದು ಆಲಿಸುವಿಕೆ. 1816ರಲ್ಲಿ ಪ್ಯಾರಿಸ್ಸಿನ ರೆನೆ ಲಾಯೆನೆಕ್ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗಿಟ್ಟು ಆಲಿಸಿದಾಗ ಹುಟ್ಟಿದ ಸಾಧನವೇ ಇಂದಿನ ಸ್ಟೆತೊಸ್ಕೋಪ್. ಆರೋಗ್ಯವಾದ ಶ್ವಾಸಕೋಶದಲ್ಲಿ ಉಸಿರಿನ ಸದ್ದು ಎಲೆಗಳ ನಡುವೆ ಗಾಳಿ ಸುಳಿದಂತೆ ಮೃದುವಾಗಿರುತ್ತದೆ, ಏಕೆಂದರೆ ದೊಡ್ಡ ನಾಳಗಳಲ್ಲಿ ಹುಟ್ಟಿದ ಕರ್ಕಶ ಸದ್ದನ್ನು ಗಾಳಿ ತುಂಬಿದ ಗೂಡುಗಳು ಸೋಸಿಬಿಡುತ್ತವೆ. ಗೂಡುಗಳು ಗಟ್ಟಿಯಾದಾಗ ಸೋಸುವವರೇ ಇಲ್ಲದಂತಾಗಿ, ನಾಳದ ಸದ್ದು ಹಾಗೆಯೇ ಬೆನ್ನಿನವರೆಗೆ ಬರುತ್ತದೆ. ಕೊಳವೆಯಲ್ಲಿ ಊದಿದಂತೆ ಕೇಳುವ ಇದನ್ನು ನಾಳ ಉಸಿರು ಎನ್ನಬಹುದು. ಇದೇ ಕಾರಣಕ್ಕೆ ರೋಗಿಯಿಂದ "ಒಂದು, ಒಂದು" ಎಂದು ಹೇಳಿಸಿದರೆ ಆ ಜಾಗದಲ್ಲಿ ಮಾತು ಹತ್ತಿರದಿಂದ, ಸ್ಪಷ್ಟವಾಗಿ ಕೇಳುತ್ತದೆ. ಪಿಸುಮಾತನ್ನೂ ಅಕ್ಷರ ಬಿಡದೆ ಕೇಳಬಹುದು. "ಈ" ಎಂದು ಎಳೆದರೆ ಅದು ಮೂಗಿನಿಂದ ಬಂದ "ಏ"ಯಂತೆ ಕಿವಿಗೆ ಬೀಳುತ್ತದೆ.

ಇದರ ಜೊತೆಗೆ ಉಸಿರೆಳೆದುಕೊಳ್ಳುವಾಗ ಚಿಟಪಟ ಸದ್ದು ಕೇಳಬಹುದು. ಕಿವಿಯ ಪಕ್ಕದ ಕೂದಲನ್ನು ಬೆರಳುಗಳ ನಡುವೆ ಉಜ್ಜಿ ನೋಡಿದರೆ ಅದು ಎಂಥದ್ದೆಂದು ತಿಳಿಯುತ್ತದೆ. ಅಂಟಿಕೊಂಡಿದ್ದ ಸಣ್ಣ ನಾಳಗಳು ಮತ್ತು ಗೂಡುಗಳು ಉಸಿರಿನ ಒತ್ತಡಕ್ಕೆ ತಟ್ಟನೆ ತೆರೆದುಕೊಳ್ಳುವ ಸದ್ದು ಅದು. ಬ್ರಾಂಕೈಟಿಸ್‌ನಲ್ಲಿ ಕೇಳುವುದು ಬೇರೆ. ಅಲ್ಲಿ ಲೋಳೆಯ ನಡುವೆ ಗಾಳಿ ನುಸುಳುವ ಗೊರಗೊರ ಅಥವಾ ಸಿಳ್ಳೆಯಂತಹ ಸದ್ದು ಎದೆಯ ಎರಡೂ ಬದಿಗಳಲ್ಲಿ ಹರಡಿರುತ್ತದೆ. ರೋಗಿಗೆ ಒಮ್ಮೆ ಜೋರಾಗಿ ಕೆಮ್ಮಲು ಹೇಳಿ ಮತ್ತೆ ಆಲಿಸಿದರೆ ಗೊರಗೊರ ಸದ್ದು ಜಾಗ ಬದಲಿಸಿರುತ್ತದೆ ಅಥವಾ ಮಾಯವಾಗಿರುತ್ತದೆ. ನ್ಯುಮೋನಿಯಾದ ಚಿಟಪಟ ಅದೇ ಜಾಗದಲ್ಲಿ ಉಳಿದಿರುತ್ತದೆ. ಅರ್ಧ ನಿಮಿಷವೂ ಹಿಡಿಯದ ಈ ಪರೀಕ್ಷೆಗೆ ನನ್ನ ಲೆಕ್ಕದಲ್ಲಿ ಹೆಚ್ಚಿನ ಬೆಲೆಯಿದೆ. ಬಹಳ ಹೊತ್ತು ಮಲಗಿದ್ದ ವೃದ್ಧರ ಬೆನ್ನಿನ ಕೆಳಭಾಗದಲ್ಲಿ ಕೇಳುವ ಚಿಟಪಟವೂ ನಾಲ್ಕಾರು ದೀರ್ಘ ಉಸಿರುಗಳ ನಂತರ ತಾನಾಗಿ ಇಲ್ಲವಾಗುತ್ತದೆ. ಎರಡೂ ಬದಿಯ ತಳದಲ್ಲಿ ಸಮನಾಗಿ ಕೇಳಿ, ಕಾಲುಗಳೂ ಊದಿಕೊಂಡಿದ್ದರೆ ಹೃದಯದ ವೈಫಲ್ಯವನ್ನು ಮೊದಲು ಯೋಚಿಸಬೇಕು.

ತಟ್ಟಿದಾಗ ಕಲ್ಲಿನಂತೆ ಮಂದವಾಗಿದ್ದು, ಉಸಿರಿನ ಸದ್ದೂ ಮಾತಿನ ಸದ್ದೂ ಎರಡೂ ಕ್ಷೀಣಿಸಿದ್ದರೆ, ಶ್ವಾಸಕೋಶದ ಸುತ್ತ ನೀರು ಅಥವಾ ಕೀವು ಸೇರಿರುವ ಸಂಭವ ಹೆಚ್ಚು. ಗಟ್ಟಿಯಾದ ಶ್ವಾಸಕೋಶ ಸದ್ದನ್ನು ದಾಟಿಸುತ್ತದೆ, ನೀರಿನ ಪದರ ತಡೆಯುತ್ತದೆ. ಕೀವು ಸೇರಿದ್ದರೆ ಬರಿಯ ಮಾತ್ರೆಗಳಿಂದ ಗುಣವಾಗುವುದಿಲ್ಲ, ಅದನ್ನು ಹೊರತೆಗೆಯಲೇಬೇಕಾಗುತ್ತದೆ.

ಈ ಚಿಹ್ನೆಗಳೆಲ್ಲ ಒಟ್ಟಿಗೆ, ಪಾಠಪುಸ್ತಕದಲ್ಲಿರುವಂತೆ, ಸಿಗುವುದು ಅಪರೂಪ. ಹಲವು ನ್ಯುಮೋನಿಯಾ ರೋಗಿಗಳಲ್ಲಿ ಒಂದೆರಡು ಇಂಚಿನ ಜಾಗದ ಚಿಟಪಟವೊಂದೇ ಸಿಗುತ್ತದೆ. ಬಲ ಶ್ವಾಸಕೋಶದ ಮಧ್ಯಭಾಗದ ರೋಗ ಎದೆಯ ಮುಂಭಾಗದಲ್ಲಿ ಮತ್ತು ಕಂಕುಳಿನ ಕೆಳಗೆ ಮಾತ್ರ ಕೇಳುತ್ತದೆ. ಬೆನ್ನಿಗಷ್ಟೇ ಸ್ಟೆತೊಸ್ಕೋಪ್ ಇಟ್ಟವರಿಗೆ ಅದು ತಪ್ಪಿಹೋಗುತ್ತದೆ. ಹಾಗಾಗಿ ಎದೆಯ ಸದ್ದಿನೊಂದಿಗೆ ಮೂರು ಅಳತೆಗಳನ್ನು ಸೇರಿಸಿ ನೋಡುವುದು ವಾಡಿಕೆ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆ, ನಾಡಿ ನಿಮಿಷಕ್ಕೆ 100ಕ್ಕಿಂತ ಕಡಿಮೆ, ಉಸಿರು 24ಕ್ಕಿಂತ ಕಡಿಮೆ ಇದ್ದು, ಎದೆಯ ಒಂದೇ ಜಾಗಕ್ಕೆ ಸೀಮಿತವಾದ ಯಾವ ಸದ್ದೂ ಇಲ್ಲದಿದ್ದರೆ, ಅದುವರೆಗೆ ಆರೋಗ್ಯವಾಗಿದ್ದ ವಯಸ್ಕರಲ್ಲಿ ನ್ಯುಮೋನಿಯಾ ಇರುವ ಸಾಧ್ಯತೆ ತೀರ ಕಡಿಮೆ. ಅಂಥವರಿಗೆ ಎಕ್ಸ್-ರೇ ಕೂಡ ಸಾಮಾನ್ಯವಾಗಿ ಬೇಕಾಗುವುದಿಲ್ಲ. ವೃದ್ಧರಿಗೆ ಮಾತ್ರ ಈ ಮಾತು ಅನ್ವಯಿಸದು. ಅವರಲ್ಲಿ ಜ್ವರವೂ ಕೆಮ್ಮೂ ಇಲ್ಲದೆ, ಊಟ ಬಿಟ್ಟಿರುವುದು, ತಡಬಡಿಸಿ ಬಿದ್ದಿರುವುದು, ಇದ್ದಕ್ಕಿದ್ದಂತೆ ಮಾತು ಅಸಂಬದ್ಧವಾಗಿರುವುದು ಇವೇ ನ್ಯುಮೋನಿಯಾದ ಮೊದಲ ಸುಳಿವುಗಳಾಗಿರಬಹುದು.

ಈಗ ಒಂದೇ ಮನೆಯ ಇಬ್ಬರನ್ನು ಕಲ್ಪಿಸಿಕೊಳ್ಳೋಣ. ಮಗನಿಗೆ 46 ವರ್ಷ, ಕಿರಾಣಿ ಅಂಗಡಿ ನಡೆಸುತ್ತಾನೆ, ಸಕ್ಕರೆ ಕಾಯಿಲೆಯಿಲ್ಲ. ನಾಲ್ಕು ದಿನಗಳ ಹಿಂದೆ ಚಳಿ ನಡುಗಿ ಜ್ವರ ಬಂದಿದೆ, ಬಲ ಪಕ್ಕೆಯಲ್ಲಿ ಉಸಿರೆಳೆದಾಗ ನೋವು, ಕಫದಲ್ಲಿ ತುಕ್ಕಿನ ಬಣ್ಣ. ಜ್ವರ 102 ಡಿಗ್ರಿ, ನಾಡಿ 108, ಉಸಿರು ನಿಮಿಷಕ್ಕೆ 22, ರಕ್ತದೊತ್ತಡ 118/74, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್‌ನಲ್ಲಿ ಆಮ್ಲಜನಕ 96. ಬಲ ಹೆಗಲೆಲುಬಿನ ಕೆಳಗೆ ತಟ್ಟಿದರೆ ಸದ್ದು ಮಂದ, ನಾಳ ಉಸಿರು, ಕೆಮ್ಮಿದರೂ ಹೋಗದ ಚಿಟಪಟ. ಇದು ನ್ಯುಮೋನಿಯಾ ಎಂಬುದರಲ್ಲಿ ಹೆಚ್ಚು ಅನುಮಾನವಿಲ್ಲ. ಅವನ ತಾಯಿಗೆ 73 ವರ್ಷ. ಎರಡು ದಿನದಿಂದ ಊಟ ಸೇರುತ್ತಿಲ್ಲ, ಕೆಮ್ಮು ಆಗೊಮ್ಮೆ ಈಗೊಮ್ಮೆ, ಜ್ವರ 99. ಇಂದು ಬೆಳಿಗ್ಗೆ ಮಗನನ್ನು ತೀರಿಹೋದ ತಮ್ಮನ ಹೆಸರಿನಿಂದ ಕರೆದಿದ್ದಾರೆ. ಉಸಿರು 28, ರಕ್ತದೊತ್ತಡ 104/58, ಆಮ್ಲಜನಕ 90. ಎದೆಯಲ್ಲಿ ಸಿಗುವುದು ಎಡ ತಳದ ಸಣ್ಣ ಚಿಟಪಟ ಮಾತ್ರ.

ಮನೆಯವರ ಕಣ್ಣಿಗೆ ಮಗನೇ ಹೆಚ್ಚು ಕಾಯಿಲೆಯವನಾಗಿ ಕಾಣುತ್ತಾನೆ: ನರಳುತ್ತಾನೆ, ಕೆಮ್ಮುತ್ತಾನೆ, ಮೈ ಕೆಂಡವಾಗಿದೆ. ತಾಯಿ ಸುಮ್ಮನೆ ಮಲಗಿದ್ದಾರೆ. ವೈದ್ಯರು ಲೆಕ್ಕ ಹಾಕುವುದು ಬೇರೆ ರೀತಿಯಲ್ಲಿ. 2003ರಿಂದ ಬಳಕೆಯಲ್ಲಿರುವ ಒಂದು ಅಳತೆಗೋಲಿನ ಸರಳ ರೂಪದಲ್ಲಿ ನಾಲ್ಕು ಪ್ರಶ್ನೆಗಳಿವೆ: ಹೊಸದಾಗಿ ಗೊಂದಲ ಕಾಣಿಸಿಕೊಂಡಿದೆಯೆ, ಉಸಿರು ನಿಮಿಷಕ್ಕೆ 30 ಅಥವಾ ಹೆಚ್ಚೆ, ರಕ್ತದೊತ್ತಡದ ಮೇಲಿನ ಸಂಖ್ಯೆ 90ಕ್ಕಿಂತ ಕಡಿಮೆ ಅಥವಾ ಕೆಳಗಿನದು 60 ಇಲ್ಲವೆ ಕಡಿಮೆಯೆ, ವಯಸ್ಸು 65 ಅಥವಾ ಹೆಚ್ಚೆ. ಪ್ರತಿ ಹೌದಿಗೂ ಒಂದು ಅಂಕ. ಆಸ್ಪತ್ರೆಯಲ್ಲಿ ರಕ್ತದ ಯೂರಿಯಾವನ್ನು ಐದನೆಯದಾಗಿ ಸೇರಿಸುತ್ತಾರೆ. ಮಗನಿಗೆ ಅಂಕ ಸೊನ್ನೆ. ಇಂಥವರು ಸಾಯುವ ಸಂಭವ ನೂರಕ್ಕೆ ಒಂದಕ್ಕಿಂತ ಕಡಿಮೆ, ಮನೆಯಲ್ಲಿಯೇ ಚಿಕಿತ್ಸೆ ಸಾಧ್ಯ. ತಾಯಿಗೆ ಗೊಂದಲ, ಕೆಳಗಿನ ರಕ್ತದೊತ್ತಡ ಮತ್ತು ವಯಸ್ಸು ಸೇರಿ ಮೂರು. ಅವರನ್ನು ಆ ದಿನವೇ ಆಸ್ಪತ್ರೆಗೆ ಸೇರಿಸಬೇಕು. ಒಂದು ಅಥವಾ ಎರಡು ಅಂಕ ಬಂದವರ ವಿಷಯದಲ್ಲಿ ಆಸ್ಪತ್ರೆಯ ಪರಿಶೀಲನೆ ಬೇಕಾಗುತ್ತದೆ, ಕೇವಲ ವಯಸ್ಸಿನಿಂದ ಅಂಕ ಪಡೆದ ಗಟ್ಟಿಮುಟ್ಟಾದವರನ್ನು ಮನೆಗೆ ಕಳುಹಿಸುವುದೂ ಇದೆ.

ಈ ಅಳತೆಗೋಲಿಗೆ ಒಂದು ದೊಡ್ಡ ಕುರುಡು ಮೂಲೆಯಿದೆ. ಅದು ಆಮ್ಲಜನಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 35 ವರ್ಷದವನೊಬ್ಬನ ಆಮ್ಲಜನಕ 88 ಇದ್ದು, ಉಸಿರು 28ರಲ್ಲಿದ್ದರೆ ಅವನಿಗೂ ಸೊನ್ನೆಯೇ ಬರುತ್ತದೆ, ಆದರೆ ಅವನು ಮನೆಯಲ್ಲಿರತಕ್ಕವನಲ್ಲ. ಆದ್ದರಿಂದ ಆಮ್ಲಜನಕವನ್ನು ಪ್ರತ್ಯೇಕವಾಗಿ ನೋಡಬೇಕು: ವಿಶ್ರಾಂತಿಯಲ್ಲಿ 92ಕ್ಕಿಂತ ಕಡಿಮೆಯಿದ್ದರೆ ಅಂಕ ಎಷ್ಟಿದ್ದರೂ ಆಸ್ಪತ್ರೆ, 92 ಮತ್ತು 93ರಲ್ಲಿಯೂ ವೈದ್ಯರ ನೇರ ಪರೀಕ್ಷೆಯಿಲ್ಲದೆ ಮನೆಯಲ್ಲಿ ಉಳಿಯುವುದು ಸರಿಯಲ್ಲ. ತಣ್ಣಗಿನ ಬೆರಳು, ಉಗುರು ಬಣ್ಣ, ಮೆಹಂದಿ ಇವು ಆಕ್ಸಿಮೀಟರಿನ ಓದನ್ನು ಕೆಡಿಸಬಹುದು. ಕಪ್ಪು ಚರ್ಮದವರಲ್ಲಿ ಅದು ನಿಜಕ್ಕಿಂತ ಒಂದೆರಡು ಅಂಕ ಹೆಚ್ಚು ತೋರಿಸುವುದುಂಟೆಂಬುದು ನಮ್ಮಲ್ಲಿ ನೆನಪಿಡತಕ್ಕ ಸಂಗತಿ. ಇದರ ಹೊರತಾಗಿ, ವಾಂತಿಯಿಂದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದವರು, ಗರ್ಭಿಣಿಯರು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಅಥವಾ ಹೃದಯ, ಮೂತ್ರಪಿಂಡದ ಕಾಯಿಲೆಯವರು, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ಸೇವಿಸುವವರು, ರಾತ್ರಿ ನೋಡಿಕೊಳ್ಳಲು ಯಾರೂ ಇಲ್ಲದವರು, ಇವರೆಲ್ಲರ ವಿಷಯದಲ್ಲಿ ಅಂಕಕ್ಕಿಂತ ವಿವೇಚನೆ ಮೇಲು. ಆಸ್ಪತ್ರೆಗೆ ಎರಡು ಗಂಟೆ ದಾರಿಯಿರುವ ಹಳ್ಳಿಯಲ್ಲಿ ಸೊನ್ನೆ ಅಂಕದವರನ್ನೂ ತಾಲ್ಲೂಕು ಕೇಂದ್ರದ ನೆಂಟರ ಮನೆಯಲ್ಲಿ ಮೂರು ದಿನ ಇರಿಸುವುದು ಜಾಣತನ.

ಮಗನ ಮನೆಯ ಚಿಕಿತ್ಸೆ ಹೇಗೆ ನಡೆಯುತ್ತದೆ? ವೈದ್ಯರು ಬರೆದುಕೊಟ್ಟ ಆ್ಯಂಟಿಬಯೋಟಿಕ್ ಮಾತ್ರೆಯನ್ನು, ಇಂಥ ಸಂದರ್ಭದಲ್ಲಿ ಹೆಚ್ಚಾಗಿ ಅಮಾಕ್ಸಿಸಿಲಿನ್ ಗುಂಪಿನದು, ಅಂದೇ ಶುರುಮಾಡಿ ಸಾಮಾನ್ಯವಾಗಿ ಐದು ದಿನ ಸೇವಿಸಬೇಕು. ಪೆನಿಸಿಲಿನ್ ಒಗ್ಗದವರು ಅದನ್ನು ಮೊದಲೇ ಹೇಳಬೇಕು. ಜ್ವರಕ್ಕೂ ಪಕ್ಕೆನೋವಿಗೂ ಪ್ಯಾರಾಸಿಟಮಾಲ್ ಸಾಕು, ದಿನಕ್ಕೆ 4 ಗ್ರಾಂ ಮೀರದಂತೆ. ನೋವು ತಗ್ಗಿದರೆ ಆಳವಾಗಿ ಉಸಿರೆಳೆಯಲು, ಕೆಮ್ಮಿ ಕಫ ಹೊರಹಾಕಲು ಸಾಧ್ಯವಾಗುತ್ತದೆ. ಆದ್ದರಿಂದ ಕೆಮ್ಮನ್ನು ಅದುಮುವ ಸಿರಪ್ ಇಲ್ಲಿ ಬೇಡ. ಹಬೆ ತೆಗೆದುಕೊಂಡರೆ ಮೂಗು ಬಿಡಬಹುದು, ಗಾಳಿಗೂಡಿನವರೆಗೆ ಅದರ ಪ್ರಭಾವ ಇಳಿಯದು, ಬಿಸಿನೀರು ಚೆಲ್ಲಿ ಸುಟ್ಟುಕೊಂಡವರಂತೂ ಇದ್ದಾರೆ.

ಮನೆಯವರು ಬೆಳಿಗ್ಗೆ ಮತ್ತು ಸಂಜೆ ನೋಡಬೇಕಾದದ್ದು ಉಸಿರಿನ ಸಂಖ್ಯೆಯನ್ನು. ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಬೇಕು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಉಸಿರಿನ ತಪ್ಪು ನಾಲ್ಕಾಗುತ್ತದೆ. ಎಣಿಸುತ್ತಿದ್ದಾರೆಂದು ತಿಳಿದರೆ ರೋಗಿ ಅರಿವಿಲ್ಲದೆಯೇ ಉಸಿರನ್ನು ಬದಲಿಸುತ್ತಾನೆ. ಆದ್ದರಿಂದ ನಾಡಿ ಹಿಡಿದಂತೆ ಕೈ ಹಿಡಿದುಕೊಂಡು ಎದೆಯ ಏರಿಳಿತವನ್ನು ಎಣಿಸುವುದು ಹಳೆಯ ಉಪಾಯ. 48ರಿಂದ 72 ಗಂಟೆಗಳೊಳಗೆ ಜ್ವರ ಇಳಿಮುಖವಾಗಿ, ನಾಡಿ ಮತ್ತು ಉಸಿರು ತಗ್ಗಿ, ಹಸಿವು ಮರಳಬೇಕು. ಮೂರನೆಯ ದಿನ ಮಗನ ಜ್ವರ 99.6, ನಾಡಿ 88, ಉಸಿರು 18 ಆಗಿದ್ದರೆ ಚಿಟಪಟ ಹಾಗೆಯೇ ಇದ್ದರೂ ಚಿಂತೆಯಿಲ್ಲ, ಎದೆಯ ಸದ್ದು ಮೈಯ ಸುಧಾರಣೆಗಿಂತ ನಿಧಾನವಾಗಿ ಬದಲಾಗುತ್ತದೆ. ಜ್ವರ 102ರಲ್ಲಿಯೇ ನಿಂತಿದ್ದರೆ ಮಾತ್ರ ಮತ್ತೆ ಪರೀಕ್ಷೆಯಾಗಬೇಕು: ಔಷಧ ಆ ರೋಗಾಣುವಿಗೆ ತಕ್ಕುದಲ್ಲವೆ, ಶ್ವಾಸಕೋಶದ ಸುತ್ತ ಕೀವು ಸೇರಿದೆಯೆ, ರೋಗವೇ ಬೇರೆಯೆ? ಮಾತನಾಡುವಾಗ ವಾಕ್ಯದ ನಡುವೆ ಉಸಿರಿಗಾಗಿ ನಿಲ್ಲುವುದು, ತುಟಿ ನೀಲಿಗಟ್ಟುವುದು, ಮಂಪರು, ಮೂತ್ರ ತೀರ ಕಡಿಮೆಯಾಗುವುದು, ಕಫದಲ್ಲಿ ಕೆಂಪು ರಕ್ತ ಇವುಗಳಲ್ಲಿ ಯಾವುದು ಕಂಡರೂ ಮೂರನೆಯ ದಿನಕ್ಕಾಗಿ ಕಾಯುವಂತಿಲ್ಲ.

ಮನೆ ಚಿಕಿತ್ಸೆ ಕೆಡುವುದು ಹೆಚ್ಚಾಗಿ ಎರಡು ಕಡೆಗಳಲ್ಲಿ. ಜ್ವರಕ್ಕೆಂದು ಕೊಡುವ ಚುಚ್ಚುಮದ್ದಿನಲ್ಲಿ ಸ್ಟೀರಾಯ್ಡ್ ಬೆರೆತಿದ್ದರೆ ಒಂದೆರಡು ದಿನ ಜ್ವರವಿಳಿದು ರೋಗಿ ಚೇತರಿಸಿಕೊಂಡಂತೆ ಕಾಣುತ್ತಾನೆ, ಒಳಗೆ ಸೋಂಕು ಮುಂದುವರಿದಿರುತ್ತದೆ. ಎರಡನೆಯದು ಕ್ಷಯ. ಮೇಲ್ನೋಟಕ್ಕೆ ನ್ಯುಮೋನಿಯಾದಂತೆಯೇ ಕಾಣುವ ಕ್ಷಯ ನಮ್ಮ ದೇಶದಲ್ಲಿ ಸಾಮಾನ್ಯ. ಲಿವೋಫ್ಲಾಕ್ಸಸಿನ್‌ನಂತಹ ಮಾತ್ರೆಗಳು ಕ್ಷಯದ ರೋಗಾಣುವನ್ನೂ ಅರೆಬರೆಯಾಗಿ ಅದುಮಿ, ಕೆಲವು ದಿನ ಗುಣವಾದಂತೆ ತೋರಿಸಿ, ರೋಗ ಪತ್ತೆಯನ್ನು ತಿಂಗಳುಗಳಷ್ಟು ತಡಮಾಡಬಲ್ಲವು. ಹಾಗಾಗಿ ಸಾಮಾನ್ಯ ನ್ಯುಮೋನಿಯಾಕ್ಕೆ ಅವನ್ನು ಮೊದಲ ಆಯ್ಕೆಯಾಗಿ ಬಳಸಬಾರದು. ಕೆಮ್ಮು ಎರಡು ವಾರ ದಾಟಿದರೆ, ಅದು ಬ್ರಾಂಕೈಟಿಸ್ಸಿನ ಎಳೆತವೇ ಆಗಿರಬಹುದಾದರೂ, ಕಫ ಪರೀಕ್ಷೆ ಮಾಡಿಸಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ.

ಗುಣವಾಗುವ ಕಾಲವನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಒಂದು ವಾರದಲ್ಲಿ ಜ್ವರ ಹೋಗುತ್ತದೆ, ನಾಲ್ಕು ವಾರಗಳಲ್ಲಿ ಪಕ್ಕೆನೋವೂ ಕಫವೂ ಬಹಳ ತಗ್ಗುತ್ತವೆ, ಆರು ವಾರಗಳಲ್ಲಿ ಕೆಮ್ಮು ಮತ್ತು ಏದುಸಿರು ಇಳಿಯುತ್ತವೆ, ಆಯಾಸ ಮೂರು ತಿಂಗಳವರೆಗೂ ಉಳಿಯಬಹುದು. ಎಕ್ಸ್-ರೇಯಲ್ಲಿನ ನೆರಳು ಎಲ್ಲಕ್ಕಿಂತ ನಿಧಾನವಾಗಿ ಮಾಸುವುದರಿಂದ ಎರಡನೆಯ ವಾರದಲ್ಲಿ ಮತ್ತೊಂದು ಎಕ್ಸ್-ರೇ ತೆಗೆಸಿ ಗಾಬರಿಯಾಗುವುದು ವ್ಯರ್ಥ. ಆದರೆ ಬೀಡಿ ಸಿಗರೇಟು ಸೇದುವವರು, 50 ದಾಟಿದವರು ಮತ್ತು ಲಕ್ಷಣಗಳು ಉಳಿದುಕೊಂಡವರು ಸುಮಾರು ಆರು ವಾರಗಳ ನಂತರ ಒಮ್ಮೆ ತೆಗೆಸಬೇಕು. ನೆರಳು ಅದೇ ಜಾಗದಲ್ಲಿ ಹಾಗೆಯೇ ಉಳಿದಿದ್ದರೆ, ಅಲ್ಲಿನ ನಾಳವನ್ನು ಗಡ್ಡೆಯೊಂದು ಅಡ್ಡಗಟ್ಟಿ, ಅದರ ಹಿಂದೆ ನ್ಯುಮೋನಿಯಾ ಕಟ್ಟಿಕೊಂಡಿರುವ ಸಾಧ್ಯತೆಯನ್ನು ಸಿ.ಟಿ. ಸ್ಕ್ಯಾನ್ ಮಾಡಿ ನೋಡಬೇಕಾಗುತ್ತದೆ.